ತುತ್ತು ನೆತ್ತಿಗೆ ಹತ್ತುವ ಕ್ಷಣ

ಬೆಳಿಗ್ಗೆ ಏಳರ ಹೊತ್ತಿಗೆ ಕಮಲಾಪುರದಿಂದ ಫೋನು ಬಂತು. ಮಾತಾಡಿದವನು ಕಾಕಾನ ಮಗ. "ಅಣ್ಣಾ, ಅಪ್ಪಗ ಎದ್ದಾಗಿಂದ ತಲಿ ತಿರುಗ್ಲತ್ತದ. ಎರಡು ಸಲ ವಾಂತಿ ಆತು. ಪಿತ್ತ ಆಗ್ಯಾದ ಅಂತ ಅವ್ವ ಲಿಂಬಿ ಪಾನಕ ಕೊಟ್ಟಳು. ಅದು ನೆತ್ತಿಗೆ ಹತ್ತಿ ಮೂಗಿನಾಗಿಂದ ಹೊರಗ ಬಂತು."

"ಕೈಕಾಲು ಆಡಸ್ತಾನೇನು?" ಎಂದು ಕೇಳಿದೆ.

"ಆಡಸ್ಲತ್ತಾನ. ಬಾಯಿನೂ ಸೊಟ್ಟ ಆಗಿಲ್ಲ. ಲಕ್ವಾ ಅಲ್ಲ ಅಣ್ಣಾ."

ಫೋನು ಕಾಕಾನ ಕೈಗೆ ಕೊಡಿಸಿದೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಅವನು. ಆವತ್ತು ಧ್ವನಿ ಒಡೆದಿತ್ತು, ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದಂತೆ ಗುಳುಗುಳು ಅನ್ನುತ್ತಿತ್ತು. ಎರಡು ಮಾತಿಗೊಮ್ಮೆ ಕೆಮ್ಮು. "ಇನ್ನ ಒಂದು ಹನಿ ನೀರೂ ಅವನ ಬಾಯಾಗ ಹಾಕ್ಬ್ಯಾಡ್ರಿ. ಒಂದು ಮಗ್ಗಲಿಗೆ ಒರಗಿಸಿ ಈಗಿಂದೀಗ ಕಲಬುರಗಿಗೆ ಕರಕೊಂಡು ಬರ್ರಿ" ಎಂದೆ.

ಕಲಬುರಗಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಗಂಟಲಿನ ಸ್ನಾಯು, ನರಗಳನ್ನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ಪಾನಕ ಮೂಗಿಗೆ ಬಂದದ್ದು, ಧ್ವನಿ ಒಡೆದದ್ದು, ನೀರು ತುಂಬಿದಂಥ ಮಾತು, ಈ ಮೂರೂ ಒಂದೇ ನರದ ಕಡೆ ಬೆರಳು ತೋರಿಸುತ್ತಿದ್ದವು. ಆ ನರ ಎಲ್ಲಿಂದ ಹೊರಡುತ್ತದೆ ಎಂಬುದು ಗೊತ್ತಿದ್ದರಿಂದಲೇ ನನಗೆ ಎದೆ ಝಲ್ಲೆಂದಿತು.

ಬೆನ್ನ ಕಡೆಯಿಂದ ತೆರೆಯುವ ಅಂಗ

ಬಾಯಿ ತೆರೆದು ಕನ್ನಡಿಯಲ್ಲಿ ನೋಡಿಕೊಂಡರೆ ಕಿರುನಾಲಿಗೆಯ ಹಿಂದೆ ಒಂದು ಕೆಂಪು ಗೋಡೆ ಕಾಣುತ್ತದೆ. ಅದು ಫ್ಯಾರಿಂಕ್ಸಿನ, ಅಂದರೆ ಗಂಟಲಕುಳಿಯ ಹಿಂಗೋಡೆ. ತಲೆಬುರುಡೆಯ ತಳದಿಂದ ಕುತ್ತಿಗೆಯ ಆರನೆಯ ಎಲುಬಿನ ಮಟ್ಟದವರೆಗೆ ಇಳಿಯುವ ಈ ಕೊಳವೆಯ ಉದ್ದ ಸುಮಾರು 12ರಿಂದ 14 ಸೆಂಟಿಮೀಟರ್. ಇದಕ್ಕೆ ಹಿಂದೆ ಗೋಡೆಯಿದೆ, ಎರಡೂ ಪಕ್ಕದಲ್ಲಿ ಗೋಡೆಯಿದೆ, ಮುಂದೆ ಮಾತ್ರ ಗೋಡೆಯೇ ಇಲ್ಲ. ಮೇಲಿನಿಂದ ಮೂಗು, ನಡುವೆ ಬಾಯಿ, ಕೆಳಗೆ ಧ್ವನಿಪೆಟ್ಟಿಗೆ, ಈ ಮೂರೂ ಮುಂದಿನಿಂದ ಬಂದು ಇದರೊಳಗೆ ತೆರೆದುಕೊಳ್ಳುತ್ತವೆ. ಅದಕ್ಕೇ ಶವಚ್ಛೇದನದ ಮೇಜಿನ ಮೇಲೆ ಇದನ್ನು ತೋರಿಸಬೇಕಾದರೆ ಬೆನ್ನ ಕಡೆಯಿಂದ ಕತ್ತರಿಸಿ ತೆರೆಯಬೇಕು. ಹಿಂಗೋಡೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ ಕಾಣುತ್ತದೆ. ಎಡಬಲದ ಸ್ನಾಯುಗಳು ಬಂದು ಸೇರುವ ಹೊಲಿಗೆ ಅದು.

ಈ ಗೋಡೆಯ ಸ್ನಾಯುಗಳು ಎರಡು ಪದರದಲ್ಲಿವೆ. ಹೊರಪದರದಲ್ಲಿ ಮೂರು ಅಗಲ ಪಟ್ಟಿಗಳು, ಅವೇ ಮೇಲಿನ, ನಡುವಿನ ಮತ್ತು ಕೆಳಗಿನ ಸಂಕೋಚಕಗಳು. ಮೇಲಿನದು ದವಡೆಯ ಹಿಂದಿನಿಂದ, ನಡುವಿನದು ನಾಲಿಗೆಯ ಬುಡದ ಹಯಾಯ್ಡ್ ಎಂಬ ಲಾಳದಾಕಾರದ ಮೂಳೆಯಿಂದ, ಕೆಳಗಿನದು ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಿಂದ ಹೊರಟು, ಗಂಟಲನ್ನು ಬಳಸಿಕೊಂಡು ಹಿಂದಿನ ಹೊಲಿಗೆಗೆ ಬಂದು ಸೇರುತ್ತವೆ. ಚಹಾದಂಗಡಿಯಲ್ಲಿ ಲೋಟದೊಳಗೆ ಲೋಟ ಇಟ್ಟಿರುವುದನ್ನು ನೆನಪಿಸಿಕೊಳ್ಳಿ. ಮೇಲಿನ ಲೋಟದ ತಳ ಕೆಳಗಿನ ಲೋಟದ ಒಳಗೆ ಕೂತಿರುತ್ತದೆ. ಈ ಸಂಕೋಚಕಗಳೂ ಹಾಗೆಯೇ. ಮೇಲಿನದರ ಕೆಳ ಅಂಚು ನಡುವಿನದರ ಒಳಗೆ, ನಡುವಿನದರ ಕೆಳ ಅಂಚು ಕೆಳಗಿನದರ ಒಳಗೆ. ಲಾಳಿಕೆಯ ಕೆಳಗೆ ಲಾಳಿಕೆ ಹಿಡಿದಂತೆ ತುತ್ತು ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ, ನಡುವೆ ಎಲ್ಲೂ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ.

ಒಳಪದರದಲ್ಲಿ ಮೇಲಿಂದ ಕೆಳಗಿಳಿಯುವ ಮೂರು ತೆಳ್ಳಗಿನ ಉದ್ದ ಸ್ನಾಯುಗಳು. ಒಂದು ಕಿವಿಯ ಕೆಳಗಿನ ಮೂಳೆಮುಳ್ಳಿನಿಂದ, ಒಂದು ಮೆದು ಅಂಗುಳದಿಂದ, ಇನ್ನೊಂದು ಕಿವಿಗೂ ಗಂಟಲಿಗೂ ನಡುವಿನ ಗಾಳಿಕೊಳವೆಯಿಂದ ಹೊರಡುತ್ತದೆ. ಸ್ಟೈಲೋಫ್ಯಾರಿಂಜಿಯಸ್, ಪ್ಯಾಲಟೋಫ್ಯಾರಿಂಜಿಯಸ್, ಸಾಲ್ಪಿಂಗೋಫ್ಯಾರಿಂಜಿಯಸ್ ಎಂದು ಅವುಗಳ ಹೆಸರು. ಹೊರಪದರದ ಕೆಲಸ ಹಿಂಡುವುದು, ಒಳಪದರದ ಕೆಲಸ ಗಂಟಲನ್ನು ಮೇಲಕ್ಕೆತ್ತಿ ಗಿಡ್ಡ ಮಾಡುವುದು. ಕರುಳಿನಲ್ಲಿ ಈ ಕ್ರಮ ತಿರುವುಮುರುವು. ಅಲ್ಲಿ ಬಳಸಿ ಸುತ್ತುವ ಪದರ ಒಳಗಿರುತ್ತದೆ, ಉದ್ದದ ಪದರ ಹೊರಗಿರುತ್ತದೆ.

ಕೆಳಗಿನ ಸಂಕೋಚಕದ ತಳದಲ್ಲಿ ಒಂದು ಬೇರೆಯದೇ ಸ್ವಭಾವದ ಪಟ್ಟಿಯಿದೆ. ಕ್ರೈಕೋಫ್ಯಾರಿಂಜಿಯಸ್ ಎಂದು ಅದರ ಹೆಸರು. ಅದಕ್ಕೆ ಹಿಂದೆ ಹೊಲಿಗೆಯಿಲ್ಲ. ಒಂದು ಬದಿಯಿಂದ ಹೊರಟು ಅನ್ನನಾಳದ ಬಾಯಿಯನ್ನು ಹಗ್ಗದಂತೆ ಬಳಸಿ ಇನ್ನೊಂದು ಬದಿಗೆ ಬಂದು ಸೇರುತ್ತದೆ. ಉಳಿದ ಸ್ನಾಯುಗಳು ಸುಮ್ಮನಿರುವಾಗ ಸಡಿಲವಾಗಿರುತ್ತವೆ, ಇದು ಮಾತ್ರ ಸದಾ ಬಿಗಿದುಕೊಂಡೇ ಇರುತ್ತದೆ. ಉಸಿರೆಳೆದಾಗ ಗಾಳಿ ಹೊಟ್ಟೆಗೆ ಹೋಗದಂತೆ, ಹೊಟ್ಟೆಯದು ಮೇಲೆ ಬರದಂತೆ ಕಾಯುವ ಬಾಗಿಲು ಇದು. ತುತ್ತು ಬಂದಾಗ ಮಾತ್ರ ಒಂದು ಕ್ಷಣ ತೆರೆಯುತ್ತದೆ. ಕಾಕಾನ ಕಥೆ ಕೊನೆಗೆ ಬಂದು ನಿಂತದ್ದು ಈ ಬಾಗಿಲಲ್ಲೇ.

ಒಂದು ತುತ್ತಿನ ದಾರಿ

ಒಂದು ತುತ್ತು ರೊಟ್ಟಿ, ಪುಂಡಿ ಪಲ್ಯ ಬಾಯಿಗಿಟ್ಟೆವು ಅಂದುಕೊಳ್ಳಿ. ತುಟಿ, ಕೆನ್ನೆ ಮುಚ್ಚಿ ತುತ್ತನ್ನು ಒಳಗೆ ಹಿಡಿಯುವುದು ಏಳನೆಯ ಕಪಾಲನರದ ಕೆಲಸ. ದವಡೆ ಆಡಿಸಿ ಅಗಿಸುವುದು ಐದನೆಯದು. ಜೊಲ್ಲಿನೊಂದಿಗೆ ಕಲಸಿ, ಉಂಡೆ ಕಟ್ಟಿ, ಹಲ್ಲಿನಿಂದ ಹಲ್ಲಿಗೆ ಸರಿಸುವ ನಾಲಿಗೆಯನ್ನು ಆಡಿಸುವುದು ಹನ್ನೆರಡನೆಯದು. ಇದು ಮೊದಲ ಹಂತ, ಬಾಯಿಯ ಹಂತ. ಇಲ್ಲಿ ಎಲ್ಲವೂ ನಮ್ಮ ಇಚ್ಛೆ. ಬೇಕೆಂದಷ್ಟು ಹೊತ್ತು ಅಗಿಯಬಹುದು, ಕಲ್ಲು ಸಿಕ್ಕರೆ ಉಗುಳಬಹುದು. ಉಂಡೆ ಹದವಾದ ಮೇಲೆ ನಾಲಿಗೆಯ ತುದಿ ಅಂಗುಳಕ್ಕೆ ಒತ್ತಿ, ಮುಂದಿನಿಂದ ಹಿಂದಕ್ಕೆ ಅದನ್ನು ನೂಕುತ್ತದೆ.

ಉಂಡೆ ನಾಲಿಗೆಯ ಬುಡ ದಾಟಿತೋ, ಇಚ್ಛೆಯ ಆಳ್ವಿಕೆ ಮುಗಿಯಿತು. ಗಂಟಲಿನ ಬಾಗಿಲಲ್ಲಿ ಒಂಬತ್ತನೆಯ ನರದ ಸ್ಪರ್ಶತಂತುಗಳು, ಧ್ವನಿಪೆಟ್ಟಿಗೆಯ ಬಾಯಲ್ಲಿ ಹತ್ತನೆಯ ನರದ ತಂತುಗಳು ತುತ್ತು ಬಂದ ಸುದ್ದಿಯನ್ನು ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾಕ್ಕೆ ಮುಟ್ಟಿಸುತ್ತವೆ. ಅಲ್ಲಿ ಎಡಕ್ಕೊಂದು, ಬಲಕ್ಕೊಂದು ನುಂಗುವ ಕೇಂದ್ರಗಳಿವೆ. ಮುಂದೆ ಯಾವ ಸ್ನಾಯು ಮೊದಲು, ಯಾವುದು ಆಮೇಲೆ ಎಂಬುದನ್ನೆಲ್ಲ ಅವೇ ನಿರ್ಧರಿಸುತ್ತವೆ. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲು ನಮ್ಮಿಂದಾಗದು.

ಈ ಎರಡನೆಯ ಹಂತ, ಗಂಟಲ ಹಂತ, ಮುಗಿಯಲು ಸುಮಾರು ಒಂದು ಸೆಕೆಂಡು ಸಾಕು. ಅಷ್ಟರಲ್ಲಿ ಮೆದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿತಂತುಗಳು ಒಂದಕ್ಕೊಂದು ಅಂಟಿ ಶ್ವಾಸನಾಳವನ್ನು ಮುಚ್ಚುತ್ತವೆ. ಗದ್ದದ ಕೆಳಗಿನ ಸ್ನಾಯುಗಳು ಹಯಾಯ್ಡ್ ಮೂಳೆಯನ್ನೂ ಅದಕ್ಕೆ ತೂಗುಬಿದ್ದ ಧ್ವನಿಪೆಟ್ಟಿಗೆಯನ್ನೂ ಮೇಲಕ್ಕೆ, ಮುಂದಕ್ಕೆ ಎಳೆಯುತ್ತವೆ. ಎಲೆಯಾಕಾರದ ಎಪಿಗ್ಲಾಟಿಸ್ ಬಾಗಿ ಮುಚ್ಚಳದಂತೆ ಕೂರುತ್ತದೆ. ನಾಲಿಗೆಯ ಬುಡ ಹಿಂದಕ್ಕೆ ಒತ್ತುತ್ತದೆ, ಮೂರು ಸಂಕೋಚಕಗಳು ಮೇಲಿಂದ ಕೆಳಗೆ ಸರದಿಯಂತೆ ಹಿಂಡುತ್ತವೆ, ತಳದ ಬಾಗಿಲು ತೆರೆಯುತ್ತದೆ.

ಗಂಟಲ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟು ಈಗ ಒಮ್ಮೆ ಉಗುಳು ನುಂಗಿ ನೋಡಿ. ಅದು ಜಿಗಿದು ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. ಆ ಜಿಗಿತದಿಂದ ಎರಡು ಕೆಲಸ ಆಗುತ್ತವೆ. ಶ್ವಾಸದ ದಾರಿ ನಾಲಿಗೆಯ ಬುಡದ ಮರೆಗೆ ಸರಿದು ಬಚ್ಚಿಟ್ಟುಕೊಳ್ಳುತ್ತದೆ, ಅದೇ ಎಳೆತಕ್ಕೆ ಹಿಂದಿನ ಅನ್ನನಾಳದ ಬಾಯಿ ಹಿಗ್ಗುತ್ತದೆ. ತಳದ ಬಾಗಿಲು ತೆರೆಯಲು ಕ್ರೈಕೋಫ್ಯಾರಿಂಜಿಯಸ್ ತನ್ನ ಬಿಗಿ ಸಡಿಲಿಸಬೇಕು, ಜೊತೆಗೆ ಮುಂದಿನಿಂದ ಯಾರಾದರೂ ಎಳೆಯಲೂಬೇಕು. ಬರೀ ಸಡಿಲಿಸಿದರೆ ಅದು ಪೂರ್ತಿ ತೆರೆಯುವುದಿಲ್ಲ.

ಈ ಹಂತದಲ್ಲಿ ದುಡಿಯುವ ನರಗಳ ಲೆಕ್ಕ ಸರಳ. ಮೂರೂ ಸಂಕೋಚಕಗಳು, ಮೆದು ಅಂಗುಳವನ್ನು ಎತ್ತುವ ಸ್ನಾಯು, ಧ್ವನಿತಂತುಗಳು, ತಳದ ಬಾಗಿಲು, ಇವೆಲ್ಲ ಹತ್ತನೆಯದಾದ ವೇಗಸ್ ನರದ ಅಧೀನ. ಒಳಪದರದ ಮೂರರಲ್ಲಿ ಸ್ಟೈಲೋಫ್ಯಾರಿಂಜಿಯಸ್ ಒಂದಕ್ಕೆ ಮಾತ್ರ ಒಂಬತ್ತನೆಯ ನರ, ಉಳಿದೆರಡಕ್ಕೆ ಮತ್ತೆ ವೇಗಸ್ಸೇ. ಆದರೆ ಹಯಾಯ್ಡ್ ಮೂಳೆಯನ್ನು ಮುಂದಕ್ಕೆ ಎಳೆಯುವ ಗದ್ದದ ಕೆಳಗಿನ ಸ್ನಾಯುಗಳು ವೇಗಸ್ಸಿಗೆ ಸೇರಿದವಲ್ಲ. ಅವುಗಳಿಗೆ ಐದನೆಯ ನರ ಮತ್ತು ಕುತ್ತಿಗೆಯ ಮೊದಲ ನರದ ಎಳೆಗಳು ಬರುತ್ತವೆ. ಈ ಒಂದು ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಅನ್ನನಾಳದ ಹಂತ. ಅಲೆಯೊಂದು ತುತ್ತನ್ನು ಜಠರಕ್ಕೆ ಇಳಿಸಲು ಸುಮಾರು 8ರಿಂದ 10 ಸೆಕೆಂಡು ತೆಗೆದುಕೊಳ್ಳುತ್ತದೆ. ಅಲ್ಲಿ ಉಸಿರಿನ ದಾರಿ ಅಡ್ಡ ಬರುವುದಿಲ್ಲ, ಅವಸರವೂ ಇಲ್ಲ. ಅಪಾಯವೆಲ್ಲ ಇರುವುದು ಅನ್ನ ಮತ್ತು ಗಾಳಿ ಒಂದೇ ದಾರಿಯಲ್ಲಿ ಹಾಯುವ ಆ ಒಂದು ಸೆಕೆಂಡಿನಲ್ಲಿ.

ಕಾಕಾನ ಗಂಟಲಲ್ಲಿ ಏನಾಗಿತ್ತು

ಕಮಲಾಪುರದಿಂದ ಕಲಬುರಗಿ 40 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾನೂ ಅಲ್ಲಿದ್ದೆ. ಕಾಕಾ ಎದ್ದು ನಿಂತರೆ ಬಲಕ್ಕೆ ವಾಲುತ್ತಿದ್ದ. ಬಲಗಣ್ಣಿನ ರೆಪ್ಪೆ ತುಸು ಇಳಿಬಿದ್ದಿತ್ತು. ಮುಖದ ಬಲಭಾಗಕ್ಕೆ ಸೂಜಿಯ ಚುಚ್ಚು ತಿಳಿಯುತ್ತಿರಲಿಲ್ಲ, ಮೈಯ ಎಡಭಾಗಕ್ಕೂ ತಿಳಿಯುತ್ತಿರಲಿಲ್ಲ. ಬಿಕ್ಕಳಿಕೆ ಬಿಡದೆ ಕಾಡುತ್ತಿತ್ತು.

ವೈದ್ಯರು ಟಾರ್ಚ್ ಹಿಡಿದು "ಆ ಅನ್ರಿ" ಎಂದರು. ನಾನೂ ಬಗ್ಗಿ ನೋಡಿದೆ. ಅಂಗುಳದ ಎಡಭಾಗ ಎದ್ದಿತು, ಬಲಭಾಗ ನೇತಾಡುತ್ತಲೇ ಉಳಿಯಿತು. ಕಿರುನಾಲಿಗೆ ಎಡಕ್ಕೆ ಸರಿಯಿತು. ಹಿಂಗೋಡೆಯ ಬಲಭಾಗವೂ ಪರದೆ ಎಳೆದಂತೆ ಎಡಕ್ಕೆ ಜಾರಿತು. ಎಡಗಡೆಯ ಸಂಕೋಚಕಕ್ಕೆ ಬಲವಿತ್ತು, ಬಲಗಡೆಯದಕ್ಕೆ ಇರಲಿಲ್ಲ. ಹೊಲಿಗೆಗೆ ಜೋಡಿಸಿದ ಎರಡು ಬಟ್ಟೆಗಳಲ್ಲಿ ಒಂದನ್ನೇ ಎಳೆದರೆ ಹೊಲಿಗೆ ಅತ್ತಲೇ ಹೋಗುತ್ತದೆ. ನಾನು ಹಲಗೆಯ ಮೇಲೆ ಬಿಡಿಸುತ್ತಿದ್ದ ಚಿತ್ರವನ್ನು ಕಾಕಾನ ಬಾಯಲ್ಲಿ ನೋಡಬೇಕಾಯಿತು.

ಎಂಆರ್‌ಐ ತೆಗೆದಾಗ ಮೆಡುಲ್ಲಾದ ಬಲಪಕ್ಕದಲ್ಲಿ ರಕ್ತ ಸಿಗದೆ ಸತ್ತ ಒಂದು ಚಿಕ್ಕ ಜಾಗ ಕಂಡಿತು. ಇದನ್ನು ವಾಲೆನ್‌ಬರ್ಗ್ ಸಿಂಡ್ರೋಮ್ ಎನ್ನುತ್ತಾರೆ. ಜರ್ಮನ್ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ಒಬ್ಬ ರೋಗಿಯ ಲಕ್ಷಣಗಳನ್ನಷ್ಟೇ ನೋಡಿ ಮಿದುಳಿನ ಯಾವ ಜಾಗ ಕೆಟ್ಟಿದೆ ಎಂದು ಬರೆದಿದ್ದರು. ಆ ರೋಗಿ ತೀರಿಕೊಂಡ ಮೇಲೆ ಮಿದುಳು ತೆರೆದು ಪರೀಕ್ಷಿಸಿ, ತಮ್ಮ ಮಾತು ಸರಿಯಿತ್ತೆಂದು 1901ರಲ್ಲಿ ತೋರಿಸಿದರು.

ಕೈಕಾಲನ್ನು ಆಡಿಸುವ ತಂತುಗಳು ಮೆಡುಲ್ಲಾದ ಮುಂಭಾಗದಲ್ಲಿ ಇಳಿಯುತ್ತವೆ. ಪೆಟ್ಟು ಪಕ್ಕಕ್ಕೆ ಬಿದ್ದದ್ದರಿಂದ ಅವು ಉಳಿದವು. ಹಾಗಾಗಿಯೇ ಮನೆಯವರು ಇದನ್ನು ಲಕ್ವಾ ಅಲ್ಲ, ಪಿತ್ತ ಎಂದುಕೊಂಡರು. ನಾಲಿಗೆಯ ನರ, ತುಟಿಯ ನರ, ಅಗಿಯುವ ನರ, ಈ ಮೂರರ ಮೂಲವೂ ಬೇರೆ ಜಾಗದಲ್ಲಿರುವುದರಿಂದ ಅವೂ ಉಳಿದವು. ಬಾಯಿಯ ಹಂತ ಹೀಗೆ ಪೂರ್ತಿ ನೆಟ್ಟಗಿತ್ತು. ಕೆಟ್ಟದ್ದು ಗಂಟಲ ಹಂತ ಒಂದೇ. ಪಾನಕವನ್ನು ತುಟಿ ಮುಚ್ಚಿ ಹಿಡಿದಿದ್ದ, ನಾಲಿಗೆಯಿಂದ ಹಿಂದಕ್ಕೆ ನೂಕಿದ್ದ. ಅಲ್ಲಿಗೆ ಹೋದ ಮೇಲೆ ಅಂಗುಳ ಅರ್ಧವೇ ಎದ್ದಿತು, ಪಾನಕ ಮೂಗಿಗೆ ಏರಿತು. ಬಲ ಧ್ವನಿತಂತು ಮುಚ್ಚಲಿಲ್ಲ, ಉಳಿದದ್ದು ಶ್ವಾಸನಾಳದ ಬಾಯಿಗೆ ಇಳಿಯಿತು. ಇನ್ನಷ್ಟು ಅನ್ನನಾಳದ ಬಾಗಿಲಲ್ಲೇ ನಿಂತು, ಮಾತಾಡಿದಾಗಲೆಲ್ಲ ಗುಳುಗುಳು ಅಂದಿತು.

ತುತ್ತು ನೆತ್ತಿಗೆ ಹತ್ತಿತು ಎನ್ನುತ್ತೇವೆ. ಯಾರೋ ನೆನೆಸಿಕೊಂಡರು ಎಂದು ಹಿರಿಯರು ನೆತ್ತಿ ತಟ್ಟುತ್ತಾರೆ. ಹತ್ತುವುದು ನೆತ್ತಿಗಲ್ಲ, ಶ್ವಾಸನಾಳಕ್ಕೆ. ಆರೋಗ್ಯವಂತರಿಗೆ ಅದು ಒಂದು ಕೆಮ್ಮಿನಲ್ಲಿ ಮುಗಿಯುತ್ತದೆ. ವೇಗಸ್ ನರ ಸೋತವರಿಗೆ ಪ್ರತಿ ತುತ್ತೂ ಹಾಗಾಗಬಹುದು. ಅದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಧ್ವನಿಪೆಟ್ಟಿಗೆಯೊಳಗಿನ ಸ್ಪರ್ಶವೂ ವೇಗಸ್ಸಿನದೇ. ಅದು ಸತ್ತರೆ ನೀರು ಒಳಗಿಳಿದರೂ ಕೆಮ್ಮೇ ಬರುವುದಿಲ್ಲ. ಮನೆಯವರು ಚೆನ್ನಾಗಿ ಕುಡಿದರು ಎಂದುಕೊಳ್ಳುತ್ತಾರೆ, ಎರಡು ಮೂರು ದಿನಕ್ಕೆ ಜ್ವರ ಬಂದು ಎದೆಯಲ್ಲಿ ಗುರುಗುರು ಶುರುವಾಗುತ್ತದೆ. ಲಕ್ವಾ ಹೊಡೆದವರಲ್ಲಿ ನ್ಯುಮೋನಿಯಾಕ್ಕೆ ಇದೊಂದು ದೊಡ್ಡ ಕಾರಣ.

ಬಾಗಿಲು ತೆರೆಯಲು ಬೇರೊಂದು ಕೈ

ರಾತ್ರಿ ಯಾವ ಹೊತ್ತಿಗೆ ಆಯಿತೋ ತಿಳಿಯದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲಾಗಲಿಲ್ಲ. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸಿ ಅದರಲ್ಲೇ ಹಾಲು, ಗಂಜಿ, ಔಷಧ ಕೊಡತೊಡಗಿದರು. ಒಂದು ವಾರ ಕಳೆದ ಮೇಲೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಹಸಿರು ಬಣ್ಣ ಹಾಕಿದ ಹಾಲನ್ನು ಚಮಚದಷ್ಟು ನುಂಗಿಸಿ ನೋಡಿದರು. ಧ್ವನಿಪೆಟ್ಟಿಗೆಯ ಎರಡೂ ಪಕ್ಕ ಒಂದೊಂದು ಕುಳಿಯಿದೆ. ಎಡದ ಕುಳಿ ಬರಿದಾಯಿತು, ಬಲದ ಕುಳಿಯಲ್ಲಿ ಹಸಿರು ಹಾಲು ನಿಂತೇ ಇತ್ತು. ತುಂಬಿದ ಮೇಲೆ ಅಂಚು ಮೀರಿ ಶ್ವಾಸದ ಕಡೆ ಹರಿಯಿತು.

ಈ ನೋಟದಿಂದಲೇ ಮೊದಲ ಉಪಾಯ ಹೊಳೆಯಿತು. ನುಂಗುವಾಗ ತಲೆಯನ್ನು ಸೋತ ಬದಿಗೆ, ಅಂದರೆ ಬಲಕ್ಕೆ, ಪೂರ್ತಿ ತಿರುಗಿಸಬೇಕು. ಆಗ ಬಲದ ಕುಳಿ ಒತ್ತಿ ಮುಚ್ಚಿಕೊಳ್ಳುತ್ತದೆ, ತುತ್ತು ಬಲವಿರುವ ಎಡಗಡೆಯಿಂದ ಇಳಿಯುತ್ತದೆ. ಸೋತ ಕಡೆಗೆ ಯಾಕೆ ತಿರುಗಬೇಕು ಎಂದು ಕಾಕಿ ಕೇಳಿದಳು. "ಮುರಿದ ದಾರಿ ಬಂದ್ ಮಾಡಿದ್ರ ಎಲ್ಲರೂ ನೆಟ್ಟಗಿದ್ದ ದಾರಿಗೇ ಹೋಗ್ತಾರಲ್ಲ ಕಾಕಿ" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಎರಡನೆಯದು ಒಂದು ವ್ಯಾಯಾಮ. ದಿಂಬಿಲ್ಲದೆ ಅಂಗಾತ ಮಲಗಿ, ಹೆಗಲು ಏಳದಂತೆ ತಲೆಯನ್ನಷ್ಟೇ ಎತ್ತಿ ಕಾಲಿನ ಬೆರಳು ನೋಡಬೇಕು. ಒಂದು ನಿಮಿಷ ಹಾಗೇ ಹಿಡಿದು, ಒಂದು ನಿಮಿಷ ಬಿಡಬೇಕು. ಹೀಗೆ ಮೂರು ಸಲ, ಆಮೇಲೆ ಹಿಡಿಯದೆ 30 ಸಲ ಎತ್ತಿ ಇಳಿಸಬೇಕು. ದಿನಕ್ಕೆ ಮೂರು ಹೊತ್ತು, ಆರು ವಾರ. ಶೇಕರ್ ವ್ಯಾಯಾಮ ಎಂದು ಇದರ ಹೆಸರು, ರೂಪಿಸಿದವರು ಅಮೆರಿಕದ ವೈದ್ಯ ರೆಜಾ ಶೇಕರ್. ಇದರಿಂದ ಬಲಗೊಳ್ಳುವುದು ಹಯಾಯ್ಡ್ ಮೂಳೆಯನ್ನು ಎಳೆಯುವ ಗದ್ದದ ಕೆಳಗಿನ ಸ್ನಾಯುಗಳು. ಅವು ವೇಗಸ್ಸಿಗೆ ಸೇರಿದವಲ್ಲ ಎಂದು ಆಗಲೇ ಹೇಳಿದೆ. ಬಾಗಿಲ ಬಿಗಿ ಸಡಿಲಿಸಬೇಕಾದ ನರ ಸೋತಿತ್ತು, ಅದೇ ಬಾಗಿಲನ್ನು ಮುಂದಿನಿಂದ ಎಳೆಯುವ ನರಗಳು ಗಟ್ಟಿಯಾಗಿದ್ದವು. ಸೋತದ್ದರ ಕೆಲಸದಲ್ಲಿ ಒಂದಿಷ್ಟನ್ನು ಉಳಿದದ್ದರಿಂದ ಮಾಡಿಸಿಕೊಳ್ಳುವುದು ಈ ಚಿಕಿತ್ಸೆಯ ತಿರುಳು. ಕುತ್ತಿಗೆಯ ಎಲುಬಿನ ತೊಂದರೆ ಇದ್ದವರಿಗೆ ಇದು ಸಲ್ಲದು. ನುಂಗುವ ಚಿಕಿತ್ಸೆ ಬಲ್ಲವರು ನೋಡಿ ಹೇಳಿದ ಮೇಲೆಯೇ ಮಾಡಬೇಕು.

ಕಾಕಾ ಪಟ್ಟು ಹಿಡಿದು ಮಾಡಿದ. ನೀರು ಎಲ್ಲಕ್ಕಿಂತ ಕಡೆಯದು ಎಂದು ತಿಳಿಸಿ ಹೇಳಬೇಕಾಯಿತು. ನೀರು ಸುಲಭ ಎಂದು ನಮಗೆ ಅನ್ನಿಸುತ್ತದೆ, ಆದರೆ ಅದು ಓಡುವ ವೇಗಕ್ಕೆ ಸೋತ ಗಂಟಲು ಮುಚ್ಚಿಕೊಳ್ಳಲಾರದು. ತೀರ ಗಟ್ಟಿಯಾದದ್ದೂ ಆಗದು, ಅದನ್ನು ಹಿಂಡಿ ಕಳಿಸಲು ಸಂಕೋಚಕಕ್ಕೆ ಶಕ್ತಿಯಿಲ್ಲದೆ ಕುಳಿಯಲ್ಲಿ ನಿಲ್ಲುತ್ತದೆ. ನಡುವಿನ ಹದ ಬೇಕು, ಗಂಟಿಲ್ಲದ, ನುಣ್ಣಗಿನ, ಸಾವಕಾಶ ಜಾರುವ ಹದ.

ಐದನೆಯ ವಾರ ಮತ್ತೆ ಕ್ಯಾಮೆರಾ ಇಳಿಸಿ ನೋಡಿ, ಬಾಯಿಂದ ತಿನ್ನಿಸಲು ವೈದ್ಯರು ಒಪ್ಪಿದರು. ಕಮಲಾಪುರದ ಕೆಂಪು ಬಾಳೆ ಜಿಐ ಮಾನ್ಯತೆ ಪಡೆದ ಹಣ್ಣು, ಕಾಕಾನ ಹೊಲದ ಬೆಳೆಯೂ ಅದೇ. ಮಗ ತಂದ ಕಳಿತ ಹಣ್ಣನ್ನು ಕಾಕಿ ಹಾಲಿನಲ್ಲಿ ನುಣ್ಣಗೆ ಕಿವುಚಿದಳು. ಕಾಕಾ ನೆಟ್ಟಗೆ ಕೂತು, ಅರ್ಧ ಚಮಚ ಬಾಯಿಗಿಟ್ಟುಕೊಂಡು, ಬಲಕ್ಕೆ ತಿರುಗಿ ನುಂಗಿದ. ಗಂಟಲ ಮಣಿ ಮೇಲೆ ಜಿಗಿಯಿತು. ಎರಡನೆಯ ಸಲ ಬರೀ ಬಾಯಲ್ಲಿ ಮತ್ತೆ ನುಂಗಿದ. "ಏನರ ಮಾತಾಡು ಕಾಕಾ" ಎಂದೆ. "ಈ ಹಣ್ಣಿಗೆ ಇನ್ನ ಎರಡು ದಿನ ಬೇಕಿತ್ತು" ಎಂದ. ಧ್ವನಿ ಒಡಕಾಗಿಯೇ ಇತ್ತು, ಆದರೆ ಒಣಗಿತ್ತು. ಗುಳುಗುಳು ಇರಲಿಲ್ಲ. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟ್ಯೂಬ್ ತೆಗೆಯಲು ಮತ್ತೆ ಎರಡು ವಾರ ಹಿಡಿಯಿತು. ಈ ಬಗೆಯ ಲಕ್ವಾದಲ್ಲಿ ಬಹಳಷ್ಟು ಜನರಿಗೆ ನುಂಗುವ ಶಕ್ತಿ ವಾರಗಳಲ್ಲಿ ಇಲ್ಲವೆ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಿಗೆ ಪೂರ್ತಿ ಮರಳದೆಯೂ ಇರಬಹುದು.

ಓದುಗರಲ್ಲಿ ನನ್ನದೊಂದು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ತಲೆ ತಿರುಗಿ, ಮಾತು ತೊದಲಿದರೆ, ಧ್ವನಿ ಒಡೆದರೆ, ನೀರು ಮೂಗಿಗೆ ಬಂದರೆ, ಕೈಕಾಲು ಆಡುತ್ತಿದ್ದರೂ ಅದು ಲಕ್ವಾ ಇರಬಹುದು ಎಂದುಕೊಳ್ಳಿ. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಅವಧಿ ಮೊದಲ ನಾಲ್ಕೂವರೆ ಗಂಟೆ, ಹಾಗಾಗಿ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ನೆನಪಿಟ್ಟು ತಡಮಾಡದೆ ಆಸ್ಪತ್ರೆಗೆ ಹೊರಡಿ. ನುಂಗುವ ಪರೀಕ್ಷೆ ಆಗುವ ತನಕ ನೀರು, ಪಾನಕ, ಮಾತ್ರೆ, ಏನನ್ನೂ ಬಾಯಿಗೆ ಹಾಕಬೇಡಿ.